ನಮ್ಮ ಮೊದಲ ಸೋಷಿಯಲ್ ಮೀಡಿಯಾ ಎಕ್ಸಿಕ್ಯೂಟಿವ್ ಸಿಕ್ಕಿದ್ದು ಹೀಗೆ

ಅರ್ಜಿ ಹಾಕಿದವರ ಪೋರ್ಟ್‌ಫೋಲಿಯೊ ಎಲ್ಲರದ್ದೂ ಚೆನ್ನಾಗಿತ್ತು. ಆದರೆ ಅದರಲ್ಲಿ ಅವರದೇ ಕೆಲಸ ಎಷ್ಟು, ತಂಡದ್ದೆಷ್ಟು ಅಂತ ಗೊತ್ತಾಗುತ್ತಿರಲಿಲ್ಲ. ಅದಕ್ಕೆ ಕೊನೆಯ ಸುತ್ತಿಗೆ 2 ಗಂಟೆಯ ಪರೀಕ್ಷೆ ಇಟ್ಟೆ, ಅದಕ್ಕೆ ದುಡ್ಡೂ ಕೊಟ್ಟೆ. ಕಚ್ಚಾ ವಿಡಿಯೊದಿಂದ ಒಂದು ರೀಲ್, ಸಿಟ್ಟಿನ ಕಾಮೆಂಟಿಗೆ ಒಂದು ಉತ್ತರ.

ಯಾರು ಹೇಗೆ ಅಂತ ಕಾಮೆಂಟಿನ ಉತ್ತರವೇ ಜಾಸ್ತಿ ಹೇಳಿತು. "ಆರ್ಡರ್ ಬಂದಿಲ್ಲ, ಫೋನೂ ಎತ್ತಲ್ಲ" ಅನ್ನೋದಕ್ಕೆ ಉಳಿದವರು ಸುಮ್ನೆ ಕ್ಷಮೆ ಕೇಳಿದರು. ಒಬ್ಬರು ಮಾತ್ರ ಆರ್ಡರ್ ನಂಬರನ್ನು ಮೆಸೇಜಿನಲ್ಲಿ ಕಳಿಸಲು ಹೇಳಿ, "ಎಷ್ಟು ಹೊತ್ತಿಗೆ ಉತ್ತರ ಸಿಗುತ್ತೆ ಅಂತ ಬರೆಯಲಿ?" ಎಂದು ನನ್ನನ್ನೇ ಕೇಳಿದರು. ಅವರನ್ನೇ ತಗೊಂಡೆ.

ಮೊದಲ 3 ತಿಂಗಳಿಗೆ ಫಾಲೋವರ್ಸ್ ಗುರಿ ಇಡಲಿಲ್ಲ. ಅದನ್ನು ದುಡ್ಡು ಕೊಟ್ಟೂ ಏರಿಸಬಹುದು ಅಲ್ವಾ? ಮೊದಲ ತಿಂಗಳು ಈಗಿನ ಅಂಕಿಗಳನ್ನು ಬರೆದಿಡುವುದು, ಎರಡನೇ ತಿಂಗಳು ವಾರಕ್ಕೆ 3 ಪೋಸ್ಟ್ ತಪ್ಪದೆ ಹಾಕುವುದು. ಮೂರನೆಯದರಲ್ಲಿ ಸೇವ್, ಶೇರ್, ವಿಚಾರಿಸಿ ಬಂದ ಮೆಸೇಜ್‌ಗಳನ್ನು ಮೊದಲ ತಿಂಗಳಿನ ಜೊತೆ ಹೋಲಿಸುವುದು.