ಪ್ರೆಸ್ಸಿನ ರೇಟ್ ಏರಿಸುವಾಗ ಹಳೇ ಗಿರಾಕಿಗೆ ಪತ್ರ ಹೀಗೆ ಬರೀರಿ

ಗದಗದಲ್ಲಿ ನಮ್ಮದು ಸಣ್ಣ ಪ್ರಿಂಟಿಂಗ್ ಪ್ರೆಸ್. ಹೋದ ಸಲ "ಎಲ್ಲ ಕೆಲಸಕ್ಕೂ ಶೇ. 10 ಜಾಸ್ತಿ" ಅಂತ ಒಂದೇ ಸಾಲು ಕಳಿಸಿ ಕೆಟ್ಟೆ. "ಅಂದ್ರ ನಮಗ ಎಷ್ಟು ಬೀಳ್ತದ?" ಅಂತ ದಿನವಿಡೀ ಫೋನ್.

ಈ ಸಲ ಒಬ್ಬೊಬ್ಬರಿಗೂ ಬೇರೆ ಬೇರೆ ಬರೆದೆ. ಒಬ್ಬ ಕಿರಾಣಿ ಅಂಗಡಿಯವರಿಗೆ ಬರೆದದ್ದು: "12 ವರ್ಷದಿಂದ ನಿಮ್ಮ ಬಿಲ್ ಬುಕ್ ನಮ್ಮಲ್ಲೇ ಆಗ್ತಿದೆ, ಥ್ಯಾಂಕ್ಸ್. ಕೊನೇ ಬುಕ್ 4500ಕ್ಕೆ ಮುಗಿದಿದೆ, ಹೊಸ ವರ್ಷಕ್ಕೆ ನಂಬರ್ 1ರಿಂದ ಬೇಕಾದರೆ ಹೇಳಿ." ಸುಮ್ನೆ "ನಿಮ್ಮ ಸಹಕಾರಕ್ಕೆ" ಅಂದರೆ ಯಾರೂ ಓದಲ್ಲ.

ಮುಂದಿನ ಸಾಲಲ್ಲೇ ರೇಟು. 50 ಸೆಟ್ಟಿನ ಡಬಲ್ ಕಾಪಿ ಬುಕ್ 90 ಇದ್ದದ್ದು ಏಪ್ರಿಲ್ 1ರಿಂದ 100 ರೂಪಾಯಿ. ಏರಿದ್ದು ಕಾಗದದ್ದು ಮಾತ್ರ, ನಂಬರಿಂಗ್, ಬೈಂಡಿಂಗ್ ಕೂಲಿ ಹಳೇದೇ ಅಂತ ಬರೆದೆ, ಹಾಗಾಗಿ ಚೌಕಾಸಿಗೆ ಬಂದವರಿಗೂ ಕಾಗದದ ಬಿಲ್ ತೋರಿಸಿದರೆ ಸಾಕಾಯ್ತು.

ಮಾರ್ಚ್ 31ರೊಳಗೆ ಪ್ರೂಫ್ ಓಕೆ ಮಾಡಿ ಅರ್ಧ ಅಡ್ವಾನ್ಸ್ ಕೊಟ್ಟವರಿಗೆ ಹಳೇ ರೇಟು. "ಪ್ರೂಫ್ ಓಕೆ" ಅನ್ನೋದನ್ನ ಮಾತ್ರ ಬಿಡಬೇಡಿ, ಇಲ್ಲಾಂದ್ರೆ ಫೋನಲ್ಲಿ ಆರ್ಡರ್ ಹೇಳಿ ಮೇ ತಿಂಗಳಲ್ಲಿ ಜಿಎಸ್‌ಟಿ ನಂಬರ್ ತಿದ್ದಿಸೋಕೆ ಬರ್ತಾರೆ, ಹಳೇ ರೇಟಿಗೇ!