ಶ್ರೀಖಂಡ ಹುಳಿ ಆಗಬಾರದು, ನೀರೂ ಬಿಡಬಾರದು ಅಂದ್ರ

ನಮ್ಮ ಕಲಬುರಗಿ ಬಿಸಿಲಿಗೆ ಮಸರಿನ ಗಂಟು ರಾತ್ರಿಯಿಡೀ ಹೊರಗ ತೂಗು ಹಾಕಬ್ಯಾಡ್ರಿ, ನೀರು ಇಳಿಯೋದ್ರಾಗ ಹುಳಿ ಏರ್ತದ. ಎಮ್ಮಿ ಹಾಲಿಗೆ ಹೆಪ್ಪು ಹಾಕಿ, ಗಟ್ಟಿ ಆದ ಕೂಡ್ಲೇ ಫ್ರಿಜ್‌ನಾಗ ಇಡ್ರಿ. ತಣ್ಣಗಾದ ಮ್ಯಾಲ ತೆಳು ಅರಿವ್ಯಾಗ ಕಟ್ಟಿ, ಜರಡಿ ಮ್ಯಾಲ ಇಟ್ಟು, ಕೆಳಗೊಂದು ಬೋಗೋಣಿ ಇಟ್ಟು ಫ್ರಿಜ್‌ನಾಗೇ 8–10 ತಾಸು ಬಿಡ್ರಿ. ಅರಿವಿ ಬಿಚ್ಚಿದಾಗ ಚಕ್ಕಾ, ಅಂದ್ರ ನೀರಿಳಿದ ಗಟ್ಟಿ ಮಸರು, ಉಂಡಿ ಹಂಗ ನಿಲ್ಲಬೇಕು. ಒತ್ತಿದಾಗ ನೀರು ಒಸರಿದ್ರ ಇನ್ನೂ ಹೊತ್ತು ಬೇಕು ಅಂತ ತಿಳೀರಿ. ಯಾಕಂದ್ರ ಸಕ್ಕರಿ ಬಿದ್ದ ಮ್ಯಾಲ ಅದು ಮತ್ತಷ್ಟು ತೆಳ್ಳಗಾಗ್ತದ. 1 ಬಟ್ಟಲು ಚಕ್ಕಾಕ್ಕ ಅರ್ಧ ಬಟ್ಟಲು ಪುಡಿ ಸಕ್ಕರಿ ಹಾಕಿ, ರುಚಿ ನೋಡಿ ಹೆಚ್ಚಿಸ್ರಿ. ಒಂದೇ ಚಮಚ ಬಿಸಿ ಹಾಲಿನಾಗ ಕೇಸರಿ ನೆನೆಸಿ, ಆರಿದ ಮ್ಯಾಲ ಕಲಸ್ರಿ. ಯಾಲಕ್ಕಿ ಪುಡಿ ಕಡೀಕ. ಮೊದಲೇ ಹುಳಿ ಬಂದ ಚಕ್ಕಾ ಮಾತ್ರ ಎಷ್ಟು ಸಕ್ಕರಿ ಸುರಿದ್ರೂ ಸರಿಹೋಗಂಗಿಲ್ಲ, ಅದನ್ನ ಮಜ್ಜಿಗಿ ಸಾರಿಗೆ ಬಳಸ್ರಿ.