ಹದಿನಾರು ಪ್ಯಾನೆಲ್‌ಗಳಿಗೆ ಎಷ್ಟು ಗಂಟೆ? ನಾಲ್ಕು ಮುಗಿದ ಮೇಲೆ ನಾನು ಹಾಕಿದ ಲೆಕ್ಕ

ಒಂದೇ ಡ್ರಾಯಿಂಗ್‌ನ ಹದಿನಾರು ಕಂಟ್ರೋಲ್ ಪ್ಯಾನೆಲ್‌ಗಳ ಆರ್ಡರ್. ನಾಲ್ಕು ಮುಗಿದಿದ್ದವು. ಉಳಿದ ಹನ್ನೆರಡಕ್ಕೆ ಎಷ್ಟು ಗಂಟೆ ಬೇಕೆಂದು ನಾನು ಹೇಳಬೇಕಿತ್ತು. ವೈರ್ ಕತ್ತರಿಸುವುದು, ಲಗ್ ಕ್ರಿಂಪ್ ಮಾಡುವುದು, ನಂಬರ್ ಹಾಕಿ ಜೋಡಿಸುವುದು, ಇಂಥ ಕೈಕೆಲಸಕ್ಕೆ ಮೊದಲ ನಾಲ್ಕು ಪ್ಯಾನೆಲ್‌ಗಳು ತೆಗೆದುಕೊಂಡದ್ದು ಕ್ರಮವಾಗಿ 50, 36, 31, 28 ಗಂಟೆ. ಟೆಸ್ಟಿಂಗ್‌ಗೆ ಪ್ರತಿ ಪ್ಯಾನೆಲ್‌ಗೂ 4 ಗಂಟೆ ಹಿಡಿಯುತ್ತದೆ. ಎಷ್ಟೇ ಕೈ ಪಳಗಿದರೂ ಅದು ಇಳಿಯುವುದಿಲ್ಲ, ಹಾಗಾಗಿ ಅದನ್ನು ಬೇರೆಯಾಗಿಯೇ ಬರೆದಿಟ್ಟಿದ್ದೆ.

ನಾಲ್ಕರ ಸರಾಸರಿ 36.25 ಗಂಟೆ. ಅದನ್ನು ಹನ್ನೆರಡರಿಂದ ಗುಣಿಸಿದರೆ 435 ಬರುತ್ತದೆ. ಕೊನೆಯ ಪ್ಯಾನೆಲ್‌ನ 28 ಗಂಟೆಯನ್ನೇ ಹಿಡಿದು ಗುಣಿಸಿದರೆ 336. ಸಮಯ ಇನ್ನೂ ಇಳಿಯುತ್ತಿರುವಾಗ ಇವೆರಡೂ ಹೆಚ್ಚೇ.

ವಿಮಾನ ತಯಾರಿಕೆಯ ವೆಚ್ಚದ ಬಗ್ಗೆ 1936ರಲ್ಲಿ ಬರೆದ ಟಿ. ಪಿ. ರೈಟ್ ಅವರ ನಿಯಮ ಸರಳ: ಒಟ್ಟು ಸಂಖ್ಯೆ ಇಮ್ಮಡಿಯಾದಾಗಲೆಲ್ಲ ಸಂಚಿತ ಸರಾಸರಿ ಒಂದೇ ಪ್ರಮಾಣದಲ್ಲಿ ಇಳಿಯುತ್ತದೆ. ಸಂಚಿತ ಸರಾಸರಿ ಎಂದರೆ ಮೊದಲಿನಿಂದ ಈವರೆಗಿನ ಒಟ್ಟು ಗಂಟೆಯನ್ನು ಈವರೆಗಿನ ಸಂಖ್ಯೆಯಿಂದ ಭಾಗಿಸಿದ್ದು. ನನ್ನ ಲೆಕ್ಕದಲ್ಲಿ ಅದು ಒಂದಕ್ಕೆ 50, ಎರಡಕ್ಕೆ 43, ನಾಲ್ಕಕ್ಕೆ 36.25. ಅಂದರೆ 43 ಎಂಬುದು 50ರ ಶೇ. 86, 36.25 ಎಂಬುದು 43ರ ಶೇ. 84. ಕೈ ಪಳಗಿದಂತೆ ಸಮಯ ಇಳಿಯುವ ಈ ಗೆರೆಯನ್ನು ಲರ್ನಿಂಗ್ ಕರ್ವ್ ಎನ್ನುತ್ತಾರೆ, ನನ್ನದನ್ನು ಶೇ. 85ರ ಕರ್ವ್ ಎಂದು ಹಿಡಿದೆ. ಶೇಕಡಾವಾರು ಕಡಿಮೆಯಿದ್ದಷ್ಟೂ ಕಲಿಕೆ ವೇಗವಾಗಿದೆ ಎಂದರ್ಥ. ಹೊಸಬರಿಗೆ ಇದು ಮೊದಲು ತಲೆಕೆಳಗಾಗಿ ಕಾಣುತ್ತದೆ.

ಹದಿನಾರರ ಒಟ್ಟು ಗಂಟೆ ಸ್ಪ್ರೆಡ್‌ಶೀಟ್‌ನ ಒಂದೇ ಸಾಲಿನಲ್ಲಿ ಸಿಗುತ್ತದೆ:

```
=50*16^(1+LOG(0.85,2))
```

ಉತ್ತರ ಸುಮಾರು 418. ಆಗಲೇ ಖರ್ಚಾದ 145 ಕಳೆದರೆ ಉಳಿದ ಹನ್ನೆರಡಕ್ಕೆ 273 ಗಂಟೆ, ಟೆಸ್ಟಿಂಗ್‌ನ 48 ಸೇರಿಸಿ 321. ಒಂದೇ ಒಂದು ಪ್ಯಾನೆಲ್‌ನ ಸಮಯ ಬೇಕಿದ್ದರೆ ಅದರವರೆಗಿನ ಒಟ್ಟಿನಿಂದ ಅದರ ಹಿಂದಿನದರವರೆಗಿನ ಒಟ್ಟು ಕಳೆದರಾಯಿತು. ಹದಿನಾರನೆಯದಕ್ಕೆ ಹೀಗೆ 20 ಗಂಟೆ ಬಂತು, ಆ ಹಂತದ ಸಂಚಿತ ಸರಾಸರಿ ಮಾತ್ರ 26.

ಗೊಂದಲ ಹುಟ್ಟುವುದು ಇಲ್ಲೇ. ಕ್ರಾಫರ್ಡ್ ಹೆಸರಿನ ಇನ್ನೊಂದು ಮಾದರಿಯಲ್ಲಿ ಇಳಿಯುವುದು ಸರಾಸರಿಯಲ್ಲ, ಆಯಾ ಯೂನಿಟ್‌ನ ಸಮಯ. ಸೂತ್ರದ ರೂಪ ಒಂದೇ, ಅರ್ಥ ಬೇರೆ. ಅದೇ 50 ಗಂಟೆ, ಅದೇ ಶೇ. 85 ಹಾಕಿದರೆ ಅದರ ಪ್ರಕಾರ ಹದಿನಾರನೆಯದಕ್ಕೇ 26 ಗಂಟೆ, ಹದಿನಾರೂ ಸೇರಿ ಸುಮಾರು 519. ರೈಟ್ ಲೆಕ್ಕಕ್ಕಿಂತ ನೂರು ಗಂಟೆ ಹೆಚ್ಚು! ಯಾರಾದರೂ "ನಮ್ಮದು ಶೇ. 85ರ ಕೆಲಸ" ಎಂದರೆ, ಅದು ಸರಾಸರಿಯದೋ ಯೂನಿಟ್‌ನದೋ ಎಂದು ಕೇಳದೆ ನಾನು ಮುಂದಕ್ಕೆ ಹೋಗುವುದಿಲ್ಲ. ನನ್ನ ಅಂಕಿಗಳನ್ನೇ ಯೂನಿಟ್ ಲೆಕ್ಕದಲ್ಲಿ ನೋಡಿದರೆ 50ರಿಂದ 36, 36ರಿಂದ 28, ಅಂದರೆ ಶೇ. 72 ಮತ್ತು 78. ಈ ಪ್ರಮಾಣ ಏಕರೂಪವಾಗಿಲ್ಲ, ಸರಾಸರಿಯದು ಹೆಚ್ಚು ಸ್ಥಿರ. ಅದಕ್ಕೇ ಇಲ್ಲಿ ರೈಟ್ ಮಾದರಿ ಆರಿಸಿದೆ. ನಾಲ್ಕೇ ಅಂಕಿಗಳಿಂದ ಅದನ್ನು ಖಚಿತವಾಗಿ ಹೇಳಲಾಗದು, ಎಂಟು ಮುಗಿದ ಮೇಲೆ ಮತ್ತೆ ನೋಡಲೇಬೇಕು.

ಎಂಟರವರೆಗೆ ಒಟ್ಟು 246 ಗಂಟೆ, ಕರ್ವ್ ಹೇಳಿದಂತೆಯೇ. ಅಷ್ಟರಲ್ಲಿ ಬೇರೊಂದು ತುರ್ತು ಕೆಲಸ ಬಂದು ಇದು ಕೆಲವು ವಾರ ನಿಂತಿತು. ಮತ್ತೆ ಶುರುವಾದಾಗ ಒಂಬತ್ತನೆಯದಕ್ಕೆ 30 ಗಂಟೆ ಹಿಡಿಯಿತು, ಬರಬೇಕಿದ್ದದ್ದು 23. ಆದರೆ ಸಂಚಿತ ಸರಾಸರಿ ಏರಲೇ ಇಲ್ಲ, ಎಂಟಕ್ಕೆ 30.7 ಇದ್ದದ್ದು ಒಂಬತ್ತಕ್ಕೂ 30.7ರ ಹತ್ತಿರವೇ ಉಳಿಯಿತು. ಹಳೆಯ ಗಂಟೆಗಳ ಭಾರದಲ್ಲಿ ಹೊಸ ತೊಂದರೆ ಮುಚ್ಚಿಹೋಗುತ್ತದೆ. ಹಾಗಾಗಿ ಅಂದಾಜಿಗೆ ಸಂಚಿತ ಸರಾಸರಿ ಬಳಸಿದರೂ, ಕೆಲಸದ ಮೇಲೆ ಕಣ್ಣಿಡಲು ನಾನು ಪ್ರತಿ ಯೂನಿಟ್‌ನ ಗಂಟೆಯನ್ನೇ ನೋಡುತ್ತೇನೆ.

30 ಗಂಟೆ ಎಂಬುದು ಹೆಚ್ಚುಕಡಿಮೆ ಮೂರನೆಯ ಪ್ಯಾನೆಲ್‌ನ ಮಟ್ಟ. ತಂಡ ಅಲ್ಲಿಗೆ ಹಿಂದೆ ಸರಿದಿದೆ ಎಂದಿಟ್ಟುಕೊಂಡು, ಉಳಿದ ಏಳನ್ನು ಕರ್ವ್‌ನ ನಾಲ್ಕರಿಂದ ಹತ್ತನೆಯ ಸ್ಥಾನದವರೆಗೆ ಕೂರಿಸಿದೆ. ಮೊದಲಿನ ಅಂದಾಜು ಆ ಏಳಕ್ಕೆ 149 ಗಂಟೆ ಇತ್ತು, ಈಗ 175 ಆಯಿತು. ಇದು ತುಸು ಹೆಚ್ಚೇ ಇರಬಹುದು, ಏಕೆಂದರೆ ಮರೆತದ್ದನ್ನು ಮತ್ತೆ ಕಲಿಯುವುದು ಹೊಸದಾಗಿ ಕಲಿಯುವುದಕ್ಕಿಂತ ಬೇಗ. ಆದರೂ ತಾರೀಕು ಕೊಡುವಾಗ ಈ ಹೆಚ್ಚಿನದನ್ನೇ ಕೊಟ್ಟೆ. ತಂಡದಲ್ಲಿ ಅರ್ಧ ಜನ ಬದಲಾಗಿದ್ದರೆ ಅಥವಾ ಡ್ರಾಯಿಂಗ್ ತಿದ್ದುಪಡಿ ಆಗಿದ್ದರೆ ಇದನ್ನೂ ನಂಬುತ್ತಿರಲಿಲ್ಲ. ಮುಂದಿನ ಎರಡು ಪ್ಯಾನೆಲ್ ಅಳೆದು ಕರ್ವ್ ಹೊಸದಾಗಿ ಎಳೆಯುತ್ತಿದ್ದೆ.